ಸಮಾಜಶಾಸ್ತ್ರ ವಿಜ್ಞಾನವೇ?

ಗಣೇಶ: ಪ್ರಯೋಗಾಲಯದಲ್ಲಿ ಯಾರು ಅಳೆದರೂ ಫಲಿತಾಂಶ ಒಂದೇ, ಆದರೆ ನಮ್ಮ ತೀರ್ಥಹಳ್ಳಿಯ ಅಡಿಕೆ ತೋಟದ ಮಾಲೀಕರು ಕೂಲಿಯ ಬಗ್ಗೆ ನನಗೆ ಕೊಡುವ ಉತ್ತರವೇ ಬೇರೆ, ಅಲ್ಲಿ ದುಡಿಯುವವರ ಮಗನಿಗೆ ಕೊಡುವ ಉತ್ತರವೇ ಬೇರೆ. ಇದನ್ನು ವಿಜ್ಞಾನ ಎನ್ನುವುದು ಹೇಗೆ, ವೀಣಾ?

ವೀಣಾ: ಆ ವ್ಯತ್ಯಾಸವೂ ಅಧ್ಯಯನದ ವಸ್ತುವೇ. ಆತ್ಮಹತ್ಯೆಯಂಥ ತೀರ ಖಾಸಗಿ ಕೃತ್ಯದ ಪ್ರಮಾಣವೂ ಒಂದೊಂದು ಸಮಾಜದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಸ್ಥಿರವಾಗಿರುವುದನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕೈಮ್ 1897ರಲ್ಲೇ ಅಂಕಿಅಂಶಗಳಿಂದ ತೋರಿಸಿ, ಅದರ ಕಾರಣವನ್ನು ಸಾಮಾಜಿಕ ಸಂಬಂಧಗಳಲ್ಲಿ ಹುಡುಕಿದರು.

ಗಣೇಶ: ಸಾವನ್ನು ಆತ್ಮಹತ್ಯೆಯೆಂದು ದಾಖಲಿಸುವುದರಲ್ಲೇ ಸಮಾಜದ ಮರ್ಜಿ ಬೆರೆತಿರುತ್ತದೆ ಎಂದು ಆ ಅಂಕಿಅಂಶಗಳನ್ನೇ ಅನಂತರದವರು ಪ್ರಶ್ನಿಸಿದರಲ್ಲ?

ವೀಣಾ: ಪ್ರಶ್ನಿಸಿದವರೂ ಸಮಾಜಶಾಸ್ತ್ರಜ್ಞರೇ! ಭೌತಶಾಸ್ತ್ರದ ಖಚಿತತೆ ಇದಕ್ಕಿಲ್ಲ, ಒಪ್ಪುತ್ತೇನೆ. ಸಾಕ್ಷ್ಯಕ್ಕೆ ತಲೆಬಾಗುವ ಶಿಸ್ತಿಲ್ಲವೆಂದರೆ ಮಾತ್ರ ಒಪ್ಪಲಾರೆ.

ಗಣೇಶ: ಶಿಸ್ತಿನ ಬಗ್ಗೆ ತಕರಾರಿಲ್ಲ. ಆದರೆ ಜರ್ಮನ್ ಸಮಾಜಶಾಸ್ತ್ರಜ್ಞ ವೆಬರ್ ಹೇಳುವಂತೆ ಮನುಷ್ಯ ತನ್ನ ಕ್ರಿಯೆಗೆ ಕೊಡುವ ಅರ್ಥವನ್ನೂ ಗ್ರಹಿಸಬೇಕೆಂದಾದರೆ, ಕಲ್ಲಿನ ವಿಷಯದಲ್ಲಿ ಅಂಥ ಪ್ರಶ್ನೆಯೇ ಏಳುವುದಿಲ್ಲ. ಹಾಗಿರುವಾಗ ಎರಡಕ್ಕೂ ಒಂದೇ ಹೆಸರೇಕೆ?