ಎರಾಸ್ಮಸ್ ಫಲಿತಾಂಶ: ನಮ್ಮ ಗ್ರೂಪಿಗೊಂದು ಸುದ್ದಿ

ಎಲ್ಲರಿಗೂ ನಮಸ್ಕಾರ. ಬೇರೆ ಯಾರಿಂದಲೋ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದ್ದೀನಿ: ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ನನಗೆ ಸಿಕ್ಕಿದೆ. ಎರಡು ವರ್ಷದ ಮಾಸ್ಟರ್ಸ್, ಟ್ಯೂಷನ್ ಫೀ ಇಲ್ಲ, ತಿಂಗಳಿಗೆ 1,400 ಯೂರೋ. ಸೆಪ್ಟೆಂಬರ್‌ನಲ್ಲಿ ಹೊರಡಬೇಕು.

ನಮ್ಮಲ್ಲೇ ಇಬ್ಬರಿಗೆ ಬಂದಿಲ್ಲ, ಒಬ್ಬರು ರಿಸರ್ವ್ ಲಿಸ್ಟಲ್ಲಿದ್ದಾರೆ ಅಂತ ಗೊತ್ತು. ಅದಕ್ಕೇ ಸ್ಟೇಟಸ್ ಹಾಕ್ತಿಲ್ಲ. ಇಲ್ಲಿ ಸ್ಟಿಕ್ಕರ್ ಮಳೆ ಬೇಡ, ಉತ್ತರ ಬರೆಯಲೇಬೇಕು ಅಂತಲೂ ಇಲ್ಲ.

ರಿಸರ್ವ್‌ನಲ್ಲಿರೋರು ದಯವಿಟ್ಟು ಅರ್ಜಿ ಹಿಂತೆಗೆಯಬೇಡಿ. ಮುಖ್ಯ ಪಟ್ಟಿಯವರು ಬೇರೆ ಕೋರ್ಸ್ ಆರಿಸಿಕೊಂಡು ಬಿಟ್ಟಾಗ ಆ ಜಾಗ ರಿಸರ್ವ್‌ಗೇ ಹೋಗೋದು. ಸ್ಪ್ಯಾಮ್ ಫೋಲ್ಡರ್ ದಿನಾ ನೋಡಿ. ಒಪ್ಪಿಗೆ ಕಳಿಸೋಕೆ ಕೊಡೋ ಗಡುವು ಕೆಲವೇ ದಿನ ಇರಬಹುದು. ಪಾಸ್‌ಪೋರ್ಟ್ ಅವಧಿಯನ್ನೂ ಈಗಲೇ ನೋಡಿಕೊಳ್ಳಿ.

ಬಾರದವರು ಕೋರ್ಸ್‌ನ ಆಫೀಸಿಗೆ ಮೇಲ್ ಹಾಕಿ, ವಿಭಾಗವಾರು ಅಂಕ ಕೇಳಿ. ಅಂಕ ಎಲ್ಲಿ ಕಡಿಮೆ ಬಿದ್ದಿದೆ, ಪತ್ರದಲ್ಲೋ ಶಿಫಾರಸಿನಲ್ಲೋ, ಅಂತ ಊಹಿಸೋದಕ್ಕಿಂತ ಕೇಳೋದು ವಾಸಿ. ಒಂದೊಂದು ಕೋರ್ಸ್‌ನವರೂ ತಮ್ಮದೇ ಅಳತೆಯಲ್ಲಿ ಆರಿಸ್ತಾರೆ, ಒಂದು ಕಡೆ ಇಲ್ಲ ಅಂದ್ರೆ ಎಲ್ಲ ಕಡೆ ಇಲ್ಲ ಅಂತಲ್ಲ. ಮುಂದಿನ ಅರ್ಜಿಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ ಇರ್ತವೆ.

ನನ್ನ ಮೋಟಿವೇಶನ್ ಲೆಟರ್, ಯೂರೋಪಾಸ್ ಸಿವಿ ನಮ್ಮ ಡ್ರೈವ್ ಫೋಲ್ಡರಿಗೆ ಹಾಕಿದ್ದೀನಿ. ಸಾಲು ಮಾತ್ರ ಎತ್ತಿಕೊಳ್ಳಬೇಡಿ, ನಕಲು ಅಂತ ಸಿಕ್ಕಿಬಿದ್ದರೆ ಅರ್ಜಿಯೇ ಹೋಗುತ್ತೆ. ಕರಡು ಓದಿಸಬೇಕಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಯಾವಾಗಾದ್ರೂ ಸರಿ.