ಘಾತಾಂಕದ ಲೆಕ್ಕ: ಪ್ರತಿ ಹೆಜ್ಜೆಗೂ ನಿಯಮದ ಹೆಸರು

ಡೊಂಬಿವಲಿಯ ಭಾನುವಾರದ ಕ್ಲಾಸಿಗೆ ಬರುವ ಎಂಟನೇ ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ,

ಕಳೆದ ವಾರ ನಿಮ್ಮ ಯೂನಿಟ್ ಟೆಸ್ಟಿನ ಪೇಪರುಗಳನ್ನು ನೋಡಿದೆ. ಹೆಚ್ಚಿನವರಿಗೆ ನಿಯಮಗಳು ಬಾಯಿಗೆ ಬರುತ್ತವೆ. ಆದರೆ ಯಾವ ನಿಯಮ ಎಲ್ಲಿ ಹಾಕಬೇಕು ಅನ್ನುವಲ್ಲಿ ಎಡವುತ್ತಿದ್ದೀರಿ. ಅದಕ್ಕೆ ಈ ಹಾಳೆ. ಶಾಲೆಯಲ್ಲಿ ನೀವು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತೀರಿ. ಆದರೂ ಕನ್ನಡದಲ್ಲಿ ಬರೆದಿದ್ದೇನೆ. ವಿಜಯಪುರದಲ್ಲೋ ಉಡುಪಿಯಲ್ಲೋ ಕನ್ನಡ ಶಾಲೆಗೆ ಹೋದ ನಿಮ್ಮ ಅಮ್ಮ, ಅಜ್ಜಿ ಪಕ್ಕದಲ್ಲಿ ಕೂತು ನೋಡಲಿ ಅಂತ.

ಮೊದಲು ಎರಡು ಹೆಸರು. 2³ ಅಂದರೆ 2 × 2 × 2. ಮೇಲೆ ಚಿಕ್ಕದಾಗಿ ಕೂತ 3 ಘಾತಾಂಕ. ಮರಾಠಿ ಪುಸ್ತಕದಲ್ಲೂ ಅದೇ ಹೆಸರು. ಕೆಳಗಿನ 2ಕ್ಕೆ ಕನ್ನಡದಲ್ಲಿ ಆಧಾರ ಅನ್ನುತ್ತೇವೆ, ಮರಾಠಿಯಲ್ಲಿ ಪಾಯಾ. ಮನೆ ಕಟ್ಟುವಾಗ ಪಾಯ ತೋಡುತ್ತಾರಲ್ವಾ, ಅದೇ ಪದ. ಆ ಚಿತ್ರ ಮನಸ್ಸಲ್ಲಿಟ್ಟುಕೊಳ್ಳಿ. ಪಾಯ ಒಂದೇ ಆಗಿದ್ದರೆ ಮಾತ್ರ ಮೇಲಿನ ಮಹಡಿಗಳನ್ನು ಸೇರಿಸಬಹುದು.

ನಿಯಮಗಳಿಗೆ ನಾನು ಇಟ್ಟಿರುವ ಹೆಸರುಗಳು ಇವು. ಲೆಕ್ಕದ ಪಕ್ಕದಲ್ಲಿ ಇವನ್ನೇ ಬರೆಯಿರಿ.

ಗುಣಾಕಾರ ನಿಯಮ: aᵐ × aⁿ = aᵐ⁺ⁿ
ಭಾಗಾಕಾರ ನಿಯಮ: aᵐ ÷ aⁿ = aᵐ⁻ⁿ
ಘಾತದ ಘಾತ: (aᵐ)ⁿ = aᵐⁿ
ಆವರಣದ ಘಾತ: (ab)ⁿ = aⁿbⁿ
ಸೊನ್ನೆ ಘಾತ: a⁰ = 1
ಋಣ ಘಾತ: a⁻ⁿ = 1/aⁿ

ಭಾಗಿಸುವ ಕಡೆಯಲ್ಲೆಲ್ಲ a ಸೊನ್ನೆ ಆಗಿರಬಾರದು. ಸೊನ್ನೆ ಘಾತಕ್ಕೂ ಋಣ ಘಾತಕ್ಕೂ ಅದೇ ಷರತ್ತು.

ಆರನ್ನೂ ಉರು ಹೊಡೆಯಬೇಕಿಲ್ಲ. ಮರೆತರೆ ಬಿಡಿಸಿ ಎಣಿಸಿ. 2³ × 2⁴ ಅಂದರೆ ಮೂರು ಎರಡುಗಳು, ಆಮೇಲೆ ನಾಲ್ಕು ಎರಡುಗಳು. ಒಟ್ಟು ಏಳು ಎರಡುಗಳ ಗುಣಾಕಾರ. ಹಾಗಾಗಿ 2⁷, ಅಂದರೆ 128. ನಾಲ್ಕು ಜನ 4⁷ ಅಂತ ಬರೆದಿದ್ದೀರಿ. ಆಧಾರಗಳನ್ನೂ ಗುಣಿಸಿಬಿಟ್ಟಿದ್ದೀರಿ. ಇಬ್ಬರು 2¹² ಬರೆದಿದ್ದೀರಿ. ಅದು ಘಾತದ ಘಾತ, ಇಲ್ಲಿ ಅದಕ್ಕೆ ಕೆಲಸವಿಲ್ಲ. (2³)⁴ ಇದ್ದಿದ್ದರೆ 2¹² ಸರಿ, ಯಾಕಂದರೆ ಮೂರು ಎರಡುಗಳ ಗುಂಪು ನಾಲ್ಕು ಸಲ ಬರುತ್ತದೆ.

ಸೊನ್ನೆ ಘಾತ ಯಾಕೆ 1 ಅಂತ ಕ್ಲಾಸಲ್ಲಿ ಒಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಮೆಟ್ಟಿಲು ಇಳಿದು ನೋಡಿ: 2³ = 8, 2² = 4, 2¹ = 2. ಪ್ರತಿ ಮೆಟ್ಟಿಲಿಗೂ ಅರ್ಧ ಆಗುತ್ತಿದೆ. ಇನ್ನೊಂದು ಇಳಿದರೆ 2⁰ = 1. ಮತ್ತೊಂದು ಇಳಿದರೆ 2⁻¹ = 1/2, ಆಮೇಲೆ 2⁻² = 1/4. ಋಣ ಘಾತ ಬಂದ ಕೂಡಲೇ ಉತ್ತರ ಋಣ ಸಂಖ್ಯೆ ಆಗುವುದಿಲ್ಲ, ಚಿಕ್ಕದಾಗುತ್ತಾ ಹೋಗುತ್ತದೆ ಅಷ್ಟೇ. ಈ ಮೆಟ್ಟಿಲು ಅರ್ಥವಾದರೆ ಕೊನೆಯ ಎರಡು ನಿಯಮ ನೆನಪಿಡುವ ಕಷ್ಟವೇ ಇಲ್ಲ.

ಈಗ ಟೆಸ್ಟಿನಲ್ಲಿ ಬಂದ ಲೆಕ್ಕ: (3x²y)³ × x⁻⁴ ÷ (9xy²)

(3x²y)³ = 3³ × (x²)³ × y³ … ಆವರಣದ ಘಾತ
= 3³ × x⁶ × y³ … ಘಾತದ ಘಾತ
3³ × x⁶ × x⁻⁴ × y³ = 3³ × x² × y³ … ಗುಣಾಕಾರ ನಿಯಮ, 6 + (−4) = 2
9 = 3², ಆದ್ದರಿಂದ 3³x²y³ ÷ 3²xy² … ಆಧಾರ ಒಂದು ಮಾಡಿದ್ದು
= 3³⁻² × x²⁻¹ × y³⁻² … ಭಾಗಾಕಾರ ನಿಯಮ, ಮೂರು ಸಲ
= 3xy

ಮೊದಲ ಸಾಲಿನಲ್ಲೇ ಸುಮಾರು ಜನ ಜಾರಿದ್ದೀರಿ. 3x⁶y³ ಬರೆದಿದ್ದೀರಿ, 3ರ ಮೇಲೆ ಘಾತ ಹಾಕಿಲ್ಲ. ಆವರಣದ ಒಳಗೆ ಇರುವ ಎಲ್ಲರಿಗೂ ಘಾತ ಸಿಗಬೇಕು, ಮುಂದೆ ನಿಂತ ಸಂಖ್ಯೆಗೂ ಸಹ. ಪಕ್ಕದಲ್ಲಿ "ಆವರಣದ ಘಾತ" ಅಂತ ಬರೆದಿದ್ದರೆ ಕೈ ತಾನಾಗಿ ನಿಲ್ಲುತ್ತಿತ್ತು.

ಉತ್ತರ ಸರಿಯೇ ಅಂತ ನೋಡಲು x = 2, y = 1 ಹಾಕಿ. 12³ = 1728. ಅದನ್ನು 16ರಿಂದ ಭಾಗಿಸಿದರೆ 108. ಅದನ್ನು 18ರಿಂದ ಭಾಗಿಸಿದರೆ 6. 3xy ಕೂಡ 6. ಒಂದು ನಿಮಿಷದ ಕೆಲಸ, ಪರೀಕ್ಷೆಯಲ್ಲಿ ಸಮಯ ಉಳಿದರೆ ತಪ್ಪದೆ ಮಾಡಿ.

ಇನ್ನೊಂದು: 2⁻³ × 5⁰ ÷ 4⁻²

= 2⁻³ × 1 ÷ 4⁻² … ಸೊನ್ನೆ ಘಾತ
= 2⁻³ ÷ (2²)⁻² … 4 = 2², ಆಧಾರ ಒಂದು ಮಾಡಿದ್ದು
= 2⁻³ ÷ 2⁻⁴ … ಘಾತದ ಘಾತ
= 2⁻³⁻⁽⁻⁴⁾ … ಭಾಗಾಕಾರ ನಿಯಮ
= 2¹ = 2

ನಾಲ್ಕನೇ ಸಾಲಿನಲ್ಲಿ ಎರಡು ಮೈನಸ್ ಒಟ್ಟಿಗೆ ಬಂದಿವೆ. ಅಲ್ಲಿ ಅವಸರ ಬೇಡ. ಒಂದು ಮೈನಸ್ ನಿಯಮದ್ದು, ಇನ್ನೊಂದು ಸಂಖ್ಯೆಯದ್ದು. ಮೈನಸ್ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ: (−2)⁴ = 16, ಆದರೆ −2⁴ = −16. ಎರಡನೆಯದರಲ್ಲಿ ಘಾತ 2ಕ್ಕೆ ಮಾತ್ರ ಸೇರಿದ್ದು.

ಇನ್ನು ವೈಜ್ಞಾನಿಕ ರೂಪ. ಒಂದು ಸಂಖ್ಯೆ, ಅದರ ಪಕ್ಕ 10ರ ಘಾತ. ಆ ಮುಂದಿನ ಸಂಖ್ಯೆ 1 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, 10ಕ್ಕಿಂತ ಕಡಿಮೆ ಇರಬೇಕು. ದಶಾಂಶ ಬಿಂದುವನ್ನು ಎಡಕ್ಕೆ ಎಷ್ಟು ಮನೆ ಸರಿಸಿದಿರೋ ಅಷ್ಟು ಧನ ಘಾತ, ಬಲಕ್ಕೆ ಸರಿಸಿದರೆ ಋಣ ಘಾತ. 0.00072 = 7.2 × 10⁻⁴. ನಮ್ಮ ಭಾಷೆಯಲ್ಲಿ ಇದು ಹೊಸದೇನಲ್ಲ. ಸಾವಿರ 10³, ಲಕ್ಷ 10⁵, ಕೋಟಿ 10⁷. ಅಂಗಡಿ ಲೆಕ್ಕ ಬಂದವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ.

ಜುಲೈ 26, 2005ರ ಮಳೆ ನೀವು ಹುಟ್ಟುವ ಮೊದಲಿನದು. ಮನೆಯಲ್ಲಿ ಕೇಳಿ, ಆ ರಾತ್ರಿ ಎಲ್ಲಿ ಸಿಕ್ಕಿಕೊಂಡಿದ್ದರು ಅಂತ ಹೇಳುತ್ತಾರೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಹಾಗಾಗಿ 944ನ್ನು ಇಡೀ ಮುಂಬೈಗೆ ಗುಣಿಸುವುದು ತಪ್ಪಾಗುತ್ತದೆ. ಸಾಂತಾಕ್ರೂಜ್‌ನ ಮಳೆ ಮಾಪಕದ ಸುತ್ತ 1 ಚದರ ಕಿಲೋಮೀಟರ್‌ನಲ್ಲಿ ಅಷ್ಟೇ ಮಳೆ ಬಿದ್ದಿತ್ತು ಅಂದುಕೊಂಡು ಲೆಕ್ಕ ಹಾಕೋಣ. ಎಷ್ಟು ಲೀಟರ್ ನೀರು?

944 ಮಿ.ಮೀ. = 9.44 × 10² × 10⁻³ ಮೀ. … 1 ಮಿ.ಮೀ. = 10⁻³ ಮೀ.
= 9.44 × 10⁻¹ ಮೀ. … ಗುಣಾಕಾರ ನಿಯಮ
1 ಚದರ ಕಿ.ಮೀ. = (10³)² = 10⁶ ಚದರ ಮೀ. … ಘಾತದ ಘಾತ
ನೀರು = 9.44 × 10⁻¹ × 10⁶ = 9.44 × 10⁵ ಘನ ಮೀ. … ಗುಣಾಕಾರ ನಿಯಮ
= 9.44 × 10⁵ × 10³ = 9.44 × 10⁸ ಲೀಟರ್ … 1 ಘನ ಮೀ. = 10³ ಲೀ., ಮತ್ತೆ ಗುಣಾಕಾರ ನಿಯಮ

ಅಂದರೆ 94 ಕೋಟಿ 40 ಲಕ್ಷ ಲೀಟರ್. ಬರೀ ಒಂದು ಚದರ ಕಿಲೋಮೀಟರಿಗೆ! ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. ಒಂದು ಚದರ ಕಿಲೋಮೀಟರ್ ಅಂದರೆ ಸಾವಿರ ಚದರ ಮೀಟರ್ ಅಂತ ಬರೆಯುವ ತಪ್ಪು ದೊಡ್ಡವರೂ ಮಾಡುತ್ತಾರೆ. ಕಿಲೋಗೆ ವರ್ಗ ಹಾಕಿದಾಗ 10³ಕ್ಕೂ ವರ್ಗ ಬೀಳುತ್ತದೆ.

ಭಾಗಾಕಾರಕ್ಕೂ ಮುಂಬೈಯನ್ನೇ ತಗೊಳ್ಳೋಣ. 2011ರ ಜನಗಣತಿಯಲ್ಲಿ ಬೃಹನ್ಮುಂಬೈ ಜನಸಂಖ್ಯೆ 1,24,42,373. ವಿಸ್ತೀರ್ಣ ಸುಮಾರು 603 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರಿಗೆ ಎಷ್ಟು ಜನ?

(1.24 × 10⁷) ÷ (6.03 × 10²)
= (1.24 ÷ 6.03) × 10⁷⁻² … ಭಾಗಾಕಾರ ನಿಯಮ
≈ 0.206 × 10⁵ … ಇಲ್ಲಿ ನಿಲ್ಲಬೇಡಿ, 0.206 ಅನ್ನುವುದು 1ಕ್ಕಿಂತ ಕಡಿಮೆ
= 2.06 × 10⁻¹ × 10⁵ … ವೈಜ್ಞಾನಿಕ ರೂಪಕ್ಕೆ ತಂದದ್ದು
= 2.06 × 10⁴ … ಗುಣಾಕಾರ ನಿಯಮ

ಸುಮಾರು 20,600 ಜನ. ಟೆಸ್ಟಿನಲ್ಲಿ ಇಂಥ ಲೆಕ್ಕಕ್ಕೆ ಮೂರನೇ ಸಾಲಲ್ಲೇ ಬಿಟ್ಟು ಒಂದು ಮಾರ್ಕು ಕಳೆದುಕೊಂಡವರು ಜಾಸ್ತಿ. ಬೆಲೆ ಸರಿ ಇದೆ, ರೂಪ ಸರಿ ಇಲ್ಲ.

ಪುಣೆ ಕಡೆಯ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ನಾರಾಯಣಗಾಂವ್ ಹತ್ತಿರ ಖೋಡದ್ ಅನ್ನುವ ಊರಲ್ಲಿ ದೊಡ್ಡ ರೇಡಿಯೋ ದೂರದರ್ಶಕ ಇದೆ. 30 ತಟ್ಟೆಗಳು, ಒಂದೊಂದರ ವ್ಯಾಸ 45 ಮೀಟರ್. ಆಕಾಶದ ಜಲಜನಕದಿಂದ ಬರುವ ರೇಡಿಯೋ ಅಲೆಗಳನ್ನೂ ಅದು ಹಿಡಿಯುತ್ತದೆ. ಆ ಅಲೆಯ ಆವೃತ್ತಿ ಸುಮಾರು 1420 ಮೆಗಾಹರ್ಟ್ಸ್. ರೇಡಿಯೋ ಅಲೆಯೂ ಬೆಳಕಿನ ವೇಗದಲ್ಲೇ ಬರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 3 × 10⁸ ಮೀಟರ್. ಅಲೆಯ ಉದ್ದ ಬೇಕಾದರೆ ವೇಗವನ್ನು ಆವೃತ್ತಿಯಿಂದ ಭಾಗಿಸಬೇಕು.

1420 ಮೆಗಾಹರ್ಟ್ಸ್ = 1.42 × 10³ × 10⁶ = 1.42 × 10⁹ ಹರ್ಟ್ಸ್ … ಗುಣಾಕಾರ ನಿಯಮ
(3 × 10⁸) ÷ (1.42 × 10⁹) = (3 ÷ 1.42) × 10⁸⁻⁹ … ಭಾಗಾಕಾರ ನಿಯಮ
≈ 2.11 × 10⁻¹ ಮೀ.

ಅಂದರೆ ಸುಮಾರು 21 ಸೆಂಟಿಮೀಟರ್. ನಿಮ್ಮ ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಸ್ಕೇಲಿಗಿಂತ ಸ್ವಲ್ಪ ಉದ್ದ. ಅಷ್ಟು ದೂರದಿಂದ ಬರುವ ಅಲೆಯ ಉದ್ದವನ್ನು ನಾವು ಮೇಜಿನ ಮೇಲೆ ಅಳೆದು ತೋರಿಸಬಹುದು, ಅದೂ ಮೂರು ಸಾಲಿನ ಲೆಕ್ಕದಿಂದ.

ಕೂಡುವುದು ಉಳಿಯಿತು. ಕೂಡುವುದಕ್ಕೆ ಘಾತಾಂಕದ ನಿಯಮವೇ ಇಲ್ಲ. 3.2 × 10⁵ + 4.5 × 10⁴ ಅಂದರೆ 7.7 × 10⁹ ಅಲ್ಲವೇ ಅಲ್ಲ. ಮೂರು ಲಕ್ಷ ಇಪ್ಪತ್ತು ಸಾವಿರಕ್ಕೆ ನಲವತ್ತೈದು ಸಾವಿರ ಕೂಡಿದರೆ ಎಷ್ಟು ಅಂತ ಅಜ್ಜಿಯನ್ನು ಕೇಳಿ, ಬಾಯಲ್ಲೇ ಹೇಳುತ್ತಾರೆ. ಅವರು ಎರಡನ್ನೂ ಒಂದೇ ಅಳತೆಗೆ ತರುತ್ತಾರೆ. ನಾವೂ ಅದನ್ನೇ ಮಾಡಬೇಕು:

4.5 × 10⁴ = 0.45 × 10⁵ … ಎರಡಕ್ಕೂ ಒಂದೇ ಘಾತ
3.2 × 10⁵ + 0.45 × 10⁵ = 3.65 × 10⁵ … 10⁵ ಎರಡಕ್ಕೂ ಸಾಮಾನ್ಯ, ಮುಂದಿನ ಸಂಖ್ಯೆಗಳನ್ನು ಕೂಡಿದ್ದು

ಮುಂದಿನ ಭಾನುವಾರಕ್ಕೆ ಮೂರು ಲೆಕ್ಕ ಮಾಡಿ ತನ್ನಿ. (2² × 3)³ ÷ (2⁴ × 3²) ಮೊದಲನೆಯದು. (5⁻²)⁻¹ × 5⁻² ಎರಡನೆಯದು. ಮೂರನೆಯದಕ್ಕೆ, ಸೂರ್ಯ ನಮ್ಮಿಂದ ಸುಮಾರು 1.5 × 10⁸ ಕಿಲೋಮೀಟರ್ ದೂರ. ಅದರ ಬೆಳಕು ಇಲ್ಲಿಗೆ ಬರಲು ಎಷ್ಟು ಸೆಕೆಂಡ್ ಬೇಕು? ಕಿಲೋಮೀಟರನ್ನು ಮೊದಲು ಮೀಟರ್ ಮಾಡಿಕೊಳ್ಳಿ. ಉತ್ತರ ಈಗಲೇ ಹೇಳಿಬಿಡುತ್ತೇನೆ: 12, 1, ಮತ್ತು 5 × 10². ನಾನು ನೋಡುವುದು ಉತ್ತರ ಅಲ್ಲ, ಪ್ರತಿ ಸಾಲಿನ ಪಕ್ಕದಲ್ಲಿ ನೀವು ಬರೆದ ನಿಯಮದ ಹೆಸರು.