ಶುಭಾಶಯಗಳು ಸೇರಬೇಕಾದದ್ದು ಸೌಮ್ಯಾಳಿಗೆ

ನಮಗೆ ಮಗಳು ಹುಟ್ಟಿದ್ದಾಳೆ. ತೂಕ 2.9 ಕಿಲೋ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಸರು ಇನ್ನೂ ಇಟ್ಟಿಲ್ಲ. ಆ ವಿಷಯದಲ್ಲಿ ಎರಡೂ ಮನೆಯವರ ನಡುವೆ ಚರ್ಚೆ ಜೋರಾಗಿ ನಡೀತಾ ಇದೆ.

ಸುದ್ದಿ ಗೊತ್ತಾದಲ್ಲಿಂದ ನನ್ನ ಫೋನಿಗೆ ಬಿಡುವಿಲ್ಲ. "ಭಲೇ ಮಾರಾಯ, ಅಪ್ಪ ಆದೆಯಲ್ಲ", "ಸ್ವೀಟ್ ಎಲ್ಲಿ", "ಪಾರ್ಟಿ ಯಾವಾಗ". ಪೆರ್ಲ ಪೇಟೆಯಲ್ಲಿ ಹಾಲು ತರಲು ಹೋದರೂ ಯಾರಾದರೂ ಬೆನ್ನು ತಟ್ಟುತ್ತಾರೆ. ಖುಷಿಯೇ. ಆದರೆ ನಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವನು. ಬೇರೆಯವರಿಗೆ ಸೇರಬೇಕಾದದ್ದನ್ನು ನನ್ನ ಮೇಜಿನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಈ ಶುಭಾಶಯಗಳನ್ನೆಲ್ಲ ಮುಳ್ಳೇರಿಯದಲ್ಲಿರುವ ನನ್ನ ಹೆಂಡತಿ ಸೌಮ್ಯಾಳ ತವರುಮನೆಗೆ ರೀಡೈರೆಕ್ಟ್ ಮಾಡುತ್ತಿದ್ದೇನೆ. ಫೋಟೋದಲ್ಲಿ ಮಗುವಿನ ಮುಷ್ಟಿ ಹಿಡಿದುಕೊಂಡಿರುವ ಕೈ ಅವಳದ್ದು. ಮುಖ ಹಾಕಬಾರದು ಎಂದು ಅವಳ ಆಜ್ಞೆ. ಈ ಬರಹವನ್ನೂ ಮೊದಲು ಅವಳೇ ಓದಿ, ಕೆಂಪು ಪೆನ್ನು ಆಡಿಸುವ ಟೀಚರ್ ಥರ ಕೆಲವು ಸಾಲು ತೆಗೆಸಿದ್ದಾಳೆ.

ಸೌಮ್ಯಾ, ಇನ್ನು ಮುಂದಿನದ್ದು ನಿನಗೆ. ಉಳಿದವರು ಬೇಕಾದರೆ ಓದಲಿ.

ಹೆಂಗಸರು ಹೆತ್ತಾಗ "ತಾಯಿ ದೇವರು", "ಭೂಮಿಯಷ್ಟು ತಾಳ್ಮೆ" ಎಂದೆಲ್ಲ ಬರೆಯುವುದು ವಾಡಿಕೆ. ನನಗೆ ಆ ಮಾತು ಬರುವುದಿಲ್ಲ. ದೇವರು ಅಂದುಬಿಟ್ಟರೆ ಒಂದು ಕೈಮುಗಿದು ಸುಮ್ನೆ ಇರಬಹುದು ನೋಡು, ನೀರು ತಂದುಕೊಡುವ ಕೆಲಸವೂ ಇಲ್ಲ. ನಾನು ಕಂಡದ್ದು ದೇವರನ್ನಲ್ಲ. ಸೊಂಟ ನೋಯುವ, ಕಾಲು ಬಾತ ಒಬ್ಬಳು ಹೆಂಗಸು ತಲೆ ಕೆಡಿಸಿಕೊಳ್ಳದೆ ಒಂದೊಂದೇ ವಿಷಯ ತೀರ್ಮಾನ ಮಾಡುತ್ತಾ ಹೋದದ್ದನ್ನು ಕಂಡೆ. ನನಗೆ ಹೇಳಬೇಕಾಗಿರುವುದು ಅದನ್ನೇ.

ಎಲ್ಲಿ ಹೆರಿಗೆ ಎಂಬುದೇ ಮೊದಲ ತೀರ್ಮಾನ. ನಮ್ಮ ಕಡೆ ಸ್ವಲ್ಪ ಏನಾದರೂ ಆದರೆ ಮಂಗಳೂರಿಗೆ ಓಡುವುದು ರೂಢಿ. ನನ್ನ ಮನೆಯವರೂ ಹಾಗೇ ಹೇಳಿದರು. ನೀನು 2020ರ ನೆನಪು ಮಾಡಿದೆ. ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ, ಆಂಬುಲೆನ್ಸುಗಳೂ ವಾಪಸ್ ಬಂದ ದಿನಗಳು. "ಈಗ ಹಾಗಿಲ್ಲ, ಗೊತ್ತು. ಆದರೆ ಆಟಿ ತಿಂಗಳ ಮಳೆಯಲ್ಲಿ ಅಷ್ಟು ದೂರ ಯಾಕೆ? ಕಾಸರಗೋಡಿನಲ್ಲಿ ಡಾಕ್ಟರಿಲ್ವಾ?" ಎಂದೆ. ಮಾತು ಅಲ್ಲಿಗೆ ಮುಗಿಯಿತು. ದೊಡ್ಡ ದನಿ ಮಾಡಲಿಲ್ಲ, ಯಾರಿಗೂ ಬೇಸರ ಮಾಡಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾದಾಗ ನಿನಗೆ ಎಂಟನೇ ತಿಂಗಳು. ಆದರೂ ಪೆರ್ಲದಿಂದ ಬದಿಯಡ್ಕದ ಬಸ್ಸು ಹಿಡಿದು ಹೋಗುತ್ತಿದ್ದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಬದಲಿ ಟೀಚರ್ ಬರುವಾಗ ತೊಂದರೆ ಆಗಬಾರದೆಂದು ರಾತ್ರಿ ಕೂತು ಪಾಠದ ಟಿಪ್ಪಣಿ ಬರೆದಿಟ್ಟೆ. ಮಳೆ ಜಾಸ್ತಿ ಎಂದು ಕಲೆಕ್ಟರ್ ರಜೆ ಘೋಷಿಸಿದ ದಿನ ಊರಿನ ಮಕ್ಕಳಿಗಿಂತ ಜಾಸ್ತಿ ಖುಷಿ ಪಟ್ಟದ್ದು ನಾನು. ನೀನು "ಪೋರ್ಷನ್ ಹಿಂದೆ ಬೀಳ್ತದೆ" ಎಂದು ಗೊಣಗಿದೆ!

ಆ ರಾತ್ರಿಯ ವಿಷಯ ಜಾಸ್ತಿ ಬರೆಯುವುದಿಲ್ಲ. ಅದು ನಿನ್ನದು. ನಾನು ಹೊರಗಿದ್ದು ಕಂಡಷ್ಟನ್ನು ಮಾತ್ರ ಹೇಳುತ್ತೇನೆ. ಪಕ್ಕದ ಮನೆಯ ಅಣ್ಣ ಓಮ್ನಿ ತಂದು ಅಂಗಳದಲ್ಲಿ ನಿಲ್ಲಿಸಿದಾಗ ಕರೆಂಟ್ ಇರಲಿಲ್ಲ. ಅತ್ತೆ ಬ್ಯಾಗ್ ಹುಡುಕುತ್ತಿದ್ದರು, ಮಾವ ಟಾರ್ಚ್ ಹುಡುಕುತ್ತಿದ್ದರು. ನೀನು ಬಾಗಿಲ ಹತ್ತಿರ ನಿಂತು, ಬ್ಯಾಗ್ ಮಂಚದ ಕೆಳಗೆ, ಫೈಲ್ ಕಪಾಟಿನ ಮೇಲೆ, ಟಾರ್ಚ್ ಅಪ್ಪನ ಕೈಯಲ್ಲೇ ಇದೆ ಎಂದು ಹೇಳುತ್ತಿದ್ದೆ. ಬೋವಿಕ್ಕಾನ ದಾಟಿ ಚೆರ್ಕಳ ಮುಟ್ಟುವವರೆಗೂ ವೈಪರ್ ಏನೂ ಪ್ರಯೋಜನಕ್ಕೆ ಬಾರದ ಹಾಗೆ ಮಳೆ. ಅಣ್ಣ ಗಡಿಬಿಡಿಯಲ್ಲಿ ಗಾಡಿ ಓಡಿಸುತ್ತಿದ್ದರು. "ನಿಧಾನ ಹೋಗಿ ಅಣ್ಣ, ನಮಗೆ ಸಮಯ ಉಂಟು" ಎಂದು ಅವರಿಗೆ ಧೈರ್ಯ ಹೇಳಿದವಳು ನೀನು. ನೋವು ಬಂದಾಗ ಮಾತು ನಿಲ್ಲಿಸುತ್ತಿದ್ದೆ. ಹೋದ ಮೇಲೆ ಅದೇ ವಾಕ್ಯ ಮುಂದುವರಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ನರ್ಸ್‌ಗಳದ್ದು ಮಲಯಾಳಂ. ನನ್ನ ಅಮ್ಮನಿಗೆ ಅದು ಬಾರದು. ಅಮ್ಮ ಗಾಬರಿಯಲ್ಲಿ ಎಲ್ಲದಕ್ಕೂ "ಏನಂತೆ, ಏನಂತೆ" ಎಂದು ಕೇಳುತ್ತಿದ್ದರು. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವಿನ ಹೊತ್ತಿನಲ್ಲಿ ನೀನು ಅವರಿಗೆ ಕನ್ನಡದಲ್ಲಿ ವಿವರಿಸಿದೆ. ಪಕ್ಕದ ಹಾಸಿಗೆಯ ಹುಡುಗಿಗೆ ತುಳುವಿನಲ್ಲಿ ಏನೋ ಹೇಳಿ ನಗಿಸಿದೆ ಅಂತೆ. ಅವಳ ತಾಯಿ ಮರುದಿನ ನನ್ನನ್ನು ಹುಡುಕಿಕೊಂಡು ಬಂದು ಇದನ್ನು ಹೇಳಿದರು. ನೀನು ಮಾತ್ರ ಹೇಳಲೇ ಇಲ್ಲ.

ಒಬ್ಬರು ಹಿರಿಯ ನರ್ಸ್ ನಿನ್ನ ಹಣೆ ಒರೆಸಿ "ಪೇಡಿಕ್ಕಂಡ ಮೋಳೇ" ಎನ್ನುತ್ತಾ ಒಳಗೆ ಕರೆದುಕೊಂಡು ಹೋದರು. ಹೆದರಬೇಡ ಮಗಳೇ ಎಂದದ್ದು ನಿನಗೆ. ಕಾಲು ನಡುಗುತ್ತಿದ್ದದ್ದು ನನಗೆ. ಆಮೇಲೆ ನಾನು ಮೆಟ್ಟಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಲ್ಲಿ ನಮ್ಮಂಥ ಗಂಡಸರದ್ದೇ ಒಂದು ಸಾಲು. ಎಲ್ಲರೂ ಫೋನ್ ನೋಡುತ್ತಾರೆ, ಯಾರಿಗೂ ಏನೂ ಕಾಣಿಸುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಬೆಳಗಾಗುವ ಹೊತ್ತಿಗೆ "ಸೌಮ್ಯಯುಡೆ ಆಳ್ ಆರಾ?" ಎಂದು ಕೂಗಿದರು. ಹೌದು, ನಾನು ಸೌಮ್ಯಾಳ ಜನ. ಇಷ್ಟು ವರ್ಷ ಆಧಾರ್ ಕಾರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ, ಮದುವೆ ಕಾಗದದಲ್ಲಿ ನನ್ನ ಬಗ್ಗೆ ಏನೇನೋ ಬರೆದಿದ್ದಾರೆ. ಅಷ್ಟು ಹೆಮ್ಮೆ ಯಾವುದರಲ್ಲೂ ಆಗಿರಲಿಲ್ಲ.

ಒಳಗೆ ಬಂದಾಗ ನೀನು ಕೇಳಿದ ಮೊದಲ ಪ್ರಶ್ನೆ: "ನೀವು ಏನಾದರೂ ತಿಂದಿರಾ?" ಈ ಸಾಲನ್ನು ತೆಗೆಯಬೇಕೆಂದು ನೀನು ಹಟ ಮಾಡಿದ್ದೀ. ತೆಗೆಯುವುದಿಲ್ಲ.

"ನಾರ್ಮಲ್ಲಾ, ಸಿಸೇರಿಯನ್ನಾ?" ಎಂದು ಮೆಸೇಜ್ ಹಾಕಿದವರಿಗೆ ಇಲ್ಲೇ ಒಂದು ಮಾತು. ಗಂಡಾ ಹೆಣ್ಣಾ ಎಂದು ಕೇಳಿ ಮುಗಿಯುವ ಮೊದಲೇ ಇದನ್ನು ಕೇಳುವವರು ಬಹಳ. ಯಾವುದಾದರೂ ಹೆರಿಗೆಯೇ. ಒಂದಕ್ಕೆ ಜಾಸ್ತಿ ಮಾರ್ಕು, ಇನ್ನೊಂದಕ್ಕೆ ಕಡಿಮೆ ಎಂದು ಇಲ್ಲ. ಎರಡರಲ್ಲೂ ಮೈ ಸುಧಾರಿಸಲು ಸಮಯ ಬೇಕು, ಎರಡರಲ್ಲೂ ಧೈರ್ಯ ಬೇಕು. ಹಾಗಾಗಿ ಉತ್ತರ ಕೊಡುವುದಿಲ್ಲ. "ಮುಂದಿನ ಸಲ ಗಂಡಾಗಲಿ" ಎಂದು ಸಮಾಧಾನ ಹೇಳಿದ ಒಬ್ಬರಿಗೆ ಫೋನಿನಲ್ಲೇ ಉತ್ತರ ಕೊಟ್ಟಿದ್ದೇನೆ, ಇಲ್ಲಿ ಬರೆಯುವ ಹಾಗಿಲ್ಲ.

ಸೌಮ್ಯಾ, ನಿನ್ನ ಗಟ್ಟಿತನ ನನಗೆ ಜಾಸ್ತಿ ಕಂಡದ್ದು ಮನೆಗೆ ಬಂದ ಮೇಲೆ. ಆಸ್ಪತ್ರೆಯಲ್ಲಿ ಸುತ್ತ ಡಾಕ್ಟರ್, ನರ್ಸ್ ಇರುತ್ತಾರೆ. ಮನೆಯಲ್ಲಿ ಎಲ್ಲರೂ ಡಾಕ್ಟರ್. ಅಜ್ಜಿ ಬಜೆ ಮತ್ತು ಚಿನ್ನ ತೇದು ಮಗುವಿನ ನಾಲಗೆಗೆ ಮುಟ್ಟಿಸಲು ಸಾಣೆಕಲ್ಲು ಸಮೇತ ಬಂದರು. ನಿನ್ನನ್ನೂ ನಿನ್ನ ಅಮ್ಮನನ್ನೂ ಹಾಗೆಯೇ ಬೆಳೆಸಿದ ಕೈ ಅದು. ಬೇಡ ಎನ್ನುವುದು ಸುಲಭವಲ್ಲ. ನೀನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಆರು ತಿಂಗಳು ಎದೆಹಾಲು ಮಾತ್ರ ಅಂತ ಹೇಳಿದ್ದಾರೆ ಅಜ್ಜಿ. ಜೇನೂ ಬೇಡ, ನೀರೂ ಬೇಡ. ಆಮೇಲೆ ಮೊದಲ ತುತ್ತು ನೀವೇ ತಿನ್ನಿಸಬೇಕು" ಎಂದೆ. ಅಜ್ಜಿ ಈಗ ಊರಿಗೆಲ್ಲ ಅದೇ ಪಾಠ ಮಾಡುತ್ತಿದ್ದಾರೆ, ತಾವೇ ಕಂಡುಹಿಡಿದ ಹಾಗೆ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಎಂಬ ದೊಡ್ಡಮ್ಮನ ಮಾತಿಗೆ ನಗುತ್ತಾ ತಲೆಯಾಡಿಸಿದೆ. ನಗುತ್ತಲೇ ಚೊಂಬು ಖಾಲಿ ಮಾಡಿದೆ. ಹಾಲುಣಿಸುವವಳಿಗೆ ಬಾಯಾರಿಕೆ ಆಗದೆ ಇರ್ತದಾ?

ಎಲ್ಲದಕ್ಕೂ ಬೇಡ ಎಂದವಳೂ ಅಲ್ಲ. ಅಮ್ಮನ ಎಣ್ಣೆ, ಬಚ್ಚಲ ಹಂಡೆಯ ಬಿಸಿನೀರು, ಕಾಳುಮೆಣಸು ಜೀರಿಗೆ ಬೆಳ್ಳುಳ್ಳಿಯ ಸಾರು, ಲೇಹ್ಯ, ತಲೆಗೆ ಬಟ್ಟೆ ಎಲ್ಲಕ್ಕೂ ಒಪ್ಪಿದೆ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ನಿದ್ದೆಯಿಲ್ಲದ ಕಣ್ಣಿನಲ್ಲೂ ನಿನಗೆ ಗೊತ್ತಿತ್ತು.

ನಿದ್ದೆ ಎಂದಾಗ ನೆನಪಾಯಿತು. ಮಗು ರಾತ್ರಿಯನ್ನು ಹಗಲು ಎಂದು ತಿಳಿದಿದೆ. ಒಂದು ರಾತ್ರಿ ಹಾಲು ಸರಿಯಾಗಿ ಹಿಡಿಯದೆ ಅದೂ ಅತ್ತಿತು, ನೀನೂ ಅತ್ತೆ. ಬೆಳಿಗ್ಗೆ ಎದ್ದು ಆಶಾ ಕಾರ್ಯಕರ್ತೆಗೆ ನೀನೇ ಫೋನ್ ಮಾಡಿ, ಮಗುವನ್ನು ಹಿಡಿಯುವ ಕ್ರಮ ಇನ್ನೊಮ್ಮೆ ತೋರಿಸಲು ಬನ್ನಿ ಎಂದೆ. ಅವರು ಕನ್ನಡ, ಮಲಯಾಳಂ ಎರಡನ್ನೂ ಬೆರೆಸಿ ಹೇಳಿಕೊಟ್ಟರು. ಅಳುವುದಕ್ಕೂ ನಾಚಲಿಲ್ಲ, ಕೇಳುವುದಕ್ಕೂ ನಾಚಲಿಲ್ಲ. ಇದನ್ನು ನಾನು ನಿನ್ನಿಂದ ಕಲಿಯುತ್ತಿದ್ದೇನೆ. ದಾರಿ ಕೇಳಲು ನಾಚಿ ಊರೆಲ್ಲ ಸುತ್ತುವ ಗಂಡಸರ ಜಾತಿ ನಮ್ಮದು.

ನಿನಗೆ ಶಾಲೆಯಿಂದ 180 ದಿನ ರಜೆ. ನನಗೆ ಕೇಂದ್ರ ಸರ್ಕಾರದ ಲೆಕ್ಕದಲ್ಲಿ 15 ದಿನ. ಆ ರಜೆಯಲ್ಲಿ ಮಗುವಿನ ಬಟ್ಟೆ ಒಗೆಯುವುದು ನನ್ನ ಕೆಲಸ. ಒಗೆಯುವುದು ಏನೂ ಅಲ್ಲ, ಒಣಗಿಸುವುದು ಕಷ್ಟ. ಈ ಮಳೆಯಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದ್ದೇನೆ. ಮಗಳ ಬಟ್ಟೆಗೆಲ್ಲ ಈಗ ಹೊಗೆಯ ವಾಸನೆ. ನೋಡಿದ ನೆರೆಯವರು "ಎಂಥ ಗಂಡ ನಿನಗೆ, ಪುಣ್ಯ ಮಾಡಿದ್ದೀ" ಎನ್ನುತ್ತಾರೆ. ನಾಲ್ಕು ಬಟ್ಟೆ ಹಿಂಡಿದ್ದಕ್ಕೆ ನನಗೆ ಇಷ್ಟು ಹೊಗಳಿಕೆ! ಒಂಬತ್ತು ತಿಂಗಳು ಹೊತ್ತವಳಿಗೆ "ತಲೆಗೆ ಬಟ್ಟೆ ಸರಿಯಾಗಿ ಕಟ್ಟು" ಎಂಬ ಬುದ್ಧಿಮಾತು. ಈ ಲೆಕ್ಕ ನನಗೆ ಅರ್ಥವಾಗಿಲ್ಲ.

ಧನ್ಯವಾದ ಸೌಮ್ಯಾ. ಹೆತ್ತದ್ದಕ್ಕೆ, ಸರಿ. ಜೊತೆಗೆ ಆ ರಾತ್ರಿ ಎಲ್ಲರ ತಲೆ ತಂಪಾಗಿಟ್ಟದ್ದಕ್ಕೆ. ಗೊತ್ತಿದ್ದದ್ದನ್ನು ಗಟ್ಟಿಯಾಗಿ ಹೇಳಿದ್ದಕ್ಕೆ. ನಮ್ಮ ಮಗಳು ಮೊದಲು ನೋಡಿ ಕಲಿಯುವ ಹೆಂಗಸು ನೀನಾಗಿರುವುದಕ್ಕೆ. ನಿನಗೆ ಯಾವಾಗ ಪೆರ್ಲಕ್ಕೆ ಬರಬೇಕು ಅನಿಸುತ್ತದೋ ಆಗ ಬಾ. ಮೂರು ತಿಂಗಳು, ಐದು ತಿಂಗಳು ಎಂದು ಬೇರೆಯವರು ಹಾಕುವ ಲೆಕ್ಕ ಅವರ ಹತ್ತಿರವೇ ಇರಲಿ. ರಜೆ ಮುಗಿದ ಮೇಲೆ ಶನಿವಾರ ಸಂಜೆಯ ಬಸ್ಸಿಗೆ ನಾನೇ ಅಲ್ಲಿಗೆ ಬರುತ್ತೇನೆ.

ಅತ್ತೆ, ಮಾವ, ನನ್ನ ಅಮ್ಮ, ಓಮ್ನಿಯ ಅಣ್ಣ, ಆ ಹಿರಿಯ ನರ್ಸ್, ಎಲ್ಲರಿಗೂ ನಾವಿಬ್ಬರೂ ಋಣಿ.

ನೋಡಲು ಬರುವವರಿಗೆ: ಬನ್ನಿ, ಆದರೆ ಫೋನ್ ಮಾಡಿ ಬನ್ನಿ. ಶೀತ, ಜ್ವರ ಇದ್ದರೆ ಗುಣವಾದ ಮೇಲೆ ಬನ್ನಿ. ಕೈ ತೊಳೆಯಲು ಜಗಲಿಯಲ್ಲೇ ಸಾಬೂನು ಇದೆ. ಮಗುವಿಗೆ ಮುತ್ತು ಕೊಡುವುದು ಬೇಡ. ಮೊದಲು ಸೌಮ್ಯಾಳನ್ನು ಮಾತಾಡಿಸಿ, ಆಮೇಲೆ ತೊಟ್ಟಿಲು ನೋಡಿ. ಮಗು ಯಾರ ಹಾಗಿದೆ ಎಂಬ ಚರ್ಚೆಯನ್ನು ಅಂಗಳದಲ್ಲಿ ನಡೆಸಬಹುದು. ಹಲಸಿನ ಹಪ್ಪಳ ತರುವವರು ಧಾರಾಳ ತನ್ನಿ. ಬಾಣಂತಿಗೆ ಅತ್ತೆ ಕೊಡುವುದಿಲ್ಲ, ನನಗೆ ಕೊಡುತ್ತಾರೆ.